ಸಹಾಯ ಬೇಕು: ಪಿಪಿಎಫ್ ಪಾಸ್‌ಬುಕ್‌ನಲ್ಲಿ ಒಂದು ತಿಂಗಳ ಬಡ್ಡಿ ಕಾಣೆ

ನಮಸ್ಕಾರ. 2024ರ ಏಪ್ರಿಲ್‌ನಲ್ಲಿ ಹೊಸ ಪಿಪಿಎಫ್ ಖಾತೆಗೆ 1,50,000 ರೂಪಾಯಿ ಕಟ್ಟಿದೆ. ಶೇ. 7.1ರಂತೆ ಮಾರ್ಚ್ 31ಕ್ಕೆ 10,650 ಬರಬೇಕಿತ್ತು ಅಂದುಕೊಂಡಿದ್ದೆ. ಪಾಸ್‌ಬುಕ್‌ನಲ್ಲಿ ಬಂದದ್ದು ಸುಮಾರು 9,760.

ಸುಮ್ನೆ ಲೆಕ್ಕ ಹಾಕಿ ನೋಡಿದೆ. ತಿಂಗಳ ಬಡ್ಡಿ 887.50. ಹನ್ನೊಂದು ತಿಂಗಳಿಗೆ 9,762.50. ಅಂದರೆ ಏಪ್ರಿಲ್ ಬಡ್ಡಿ ಬಂದೇ ಇಲ್ಲ! 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆವರೆಗೆ ಇರುವ ಅತಿ ಕಡಿಮೆ ಬ್ಯಾಲೆನ್ಸ್‌ಗೆ ಬಡ್ಡಿ ಅಂತೆ. ನನ್ನ ಜಮಾ ಸಾಲಿನಲ್ಲಿ ತಾರೀಖು 6 ಇದೆ. ಹಾಗಾಗಿ ಆ ತಿಂಗಳ ಕಡಿಮೆ ಬ್ಯಾಲೆನ್ಸ್ ಸೊನ್ನೆ.

ಆದರೆ ನನ್ನ ಉಳಿತಾಯ ಖಾತೆಯಿಂದ ಹಣ ಕಡಿತವಾಗಿದ್ದು 4ನೇ ತಾರೀಖು. ಆ ಸ್ಟೇಟ್‌ಮೆಂಟ್ ತೋರಿಸಿ ಜಮಾ ತಾರೀಖು ಸರಿ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಅರ್ಜಿಯಲ್ಲಿ ಏನು ಬರೆದಿರಿ?