ಪದಚರ್ಚೆ: ‘ಡಿಡಕ್ಟೆಡ್’, ‘ಡೆಪಾಸಿಟೆಡ್’ ಎರಡಕ್ಕೂ ‘ಕಡಿತ’ ಎಂದರೆ ಆದೀತೇ?

ದಾವಣಗೆರೆಯಿಂದ, ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಬೋಧಕೇತರ ಸಿಬ್ಬಂದಿಗೆ, ಸಂಬಳದಿಂದ ಹಿಡಿದ ತೆರಿಗೆಯ ಲೆಕ್ಕ ಇರುವ ಫಾರ್ಮ್ 16 ಓದುವುದು ಹೇಗೆ ಎಂದು ಒಂದು ಪುಟದಷ್ಟು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಫಾರ್ಮ್ 16ರ ಪಾರ್ಟ್ ಎ ಭಾಗದಲ್ಲಿ ಮೂರು ತಿಂಗಳಿಗೊಂದರಂತೆ ನಾಲ್ಕು ಸಾಲುಗಳಿವೆ. ಪ್ರತಿ ಸಾಲಿನಲ್ಲೂ ತೆರಿಗೆಯ ಎರಡು ಮೊತ್ತ. ಒಂದು ‘ಡಿಡಕ್ಟೆಡ್’, ಇನ್ನೊಂದು ‘ಡೆಪಾಸಿಟೆಡ್’. ನಮ್ಮ ಹೆಸರಿನಲ್ಲಿ ಬಂದ ತೆರಿಗೆಯನ್ನು ತೋರಿಸುವ ಸರ್ಕಾರದ 26ಎಎಸ್ ಪಟ್ಟಿಯಲ್ಲೂ ಇದೇ ಜೋಡಿ: `Total Tax Deducted`, `Total TDS Deposited`. ನಾನು ನೋಡಿದ ಕನ್ನಡ ಬರಹಗಳಲ್ಲಿ ಎರಡಕ್ಕೂ ‘ಕಡಿತ’ ಎಂದೇ ಇದೆ.

ಎರಡೂ ಒಂದೇ ಆದರೆ ಅಂಕಿಯೂ ಒಂದೇ ಇರಬೇಕಲ್ವಾ? ನನ್ನ ಕಾಗದದಲ್ಲಿ ಹಾಗಿಲ್ಲ. 2024-25ರಲ್ಲಿ ಪ್ರತಿ ತಿಂಗಳು ನನ್ನ ಸಂಬಳದಲ್ಲಿ 4,000 ರೂಪಾಯಿ ಹಿಡಿದಿದ್ದಾರೆ. ‘ಡಿಡಕ್ಟೆಡ್’ ಕೆಳಗೆ 48,000 ಇದೆ, ‘ಡೆಪಾಸಿಟೆಡ್’ ಕೆಳಗೆ 44,000. ಕೊನೆಯ ಮೂರು ತಿಂಗಳ ಸಾಲಿನಲ್ಲಿ ಮಾತ್ರ ವ್ಯತ್ಯಾಸ: 12,000 ಮತ್ತು 8,000. ಆ 4,000ವನ್ನು ನಾನು ಬಾಕಿ ಕಟ್ಟಬೇಕೇ? ಈ ಎರಡು ಪದಗಳಿಗೆ ಕನ್ನಡದಲ್ಲಿ ಏನು ಹೇಳಿದರೆ ಓದಿದವರಿಗೆ ಈ ಗೊಂದಲ ಆಗುವುದಿಲ್ಲ?

ಬೆಂಗಳೂರಿನಿಂದ, ಅನುವಾದಕರು

ಮೇಡಂ, ‘ಡೆಪಾಸಿಟ್’ ಎಂದರೆ ‘ಠೇವಣಿ’. ‘ಕಡಿತವಾದ ತೆರಿಗೆ’, ‘ಠೇವಣಿ ಇಟ್ಟ ತೆರಿಗೆ’ ಎಂದು ಬರೆಯಿರಿ, ಮುಗಿಯಿತು.

4,000ದ ಚಿಂತೆ ಬೇಡ. ನಿಮ್ಮ ಸಂಬಳದಿಂದ ಹಿಡಿದ ತೆರಿಗೆಯನ್ನು ಮತ್ತೆ ನಿಮ್ಮಿಂದಲೇ ಕೇಳುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ರಿಟರ್ನ್‌ನಲ್ಲಿ ಸುಮ್ನೆ 48,000 ಹಾಕಿ ಕಳಿಸಿ.

ಬಳ್ಳಾರಿಯಿಂದ, ಬ್ಯಾಂಕ್ ಉದ್ಯೋಗಿ

ನಿಮಗೆ ಕಡಿತ ಕಡಿಮೆ ಕೊಟ್ಟಿದ್ದಾರೆ ಎಂದು ಕಾಣುತ್ತದೆ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿ ಕಡಿತ ಸಿಗಬೇಕು. ನನಗೂ ಹೋದ ವರ್ಷ ಹೀಗೇ ಆಗಿತ್ತು. ಪಾರ್ಟ್ ಬಿಯಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದರು. ಆಫೀಸಿಗೆ ಹೋಗಿ ಸರಿ ಮಾಡಿಸಿಕೊಂಡೆ. 48,000 ಎಂದರೆ ನಿಮಗೆ ಇನ್ನೂ 27,000 ಬರಬೇಕು.

ಶಿವಮೊಗ್ಗದಿಂದ, ತೆರಿಗೆ ಸಲಹೆಗಾರರು

ಬಳ್ಳಾರಿಯ ಗೆಳೆಯರು ಹೇಳುತ್ತಿರುವುದು ಬೇರೆ ಕಡಿತ. 75,000 ಎನ್ನುವುದು ಆದಾಯದಿಂದ ಕಳೆಯುವ ಮೊತ್ತ. ಮೇಡಂ ಕೇಳಿದ್ದು ಸಂಬಳದಿಂದ ಹಿಡಿದ ತೆರಿಗೆ. ಎರಡೂ ಒಂದೇ ಫಾರ್ಮ್ 16ರಲ್ಲಿ ಬರುತ್ತವೆ, ಎರಡಕ್ಕೂ ‘ಕಡಿತ’ ಎನ್ನುತ್ತೇವೆ. ನನ್ನ ಹತ್ತಿರ ಬರುವವರಲ್ಲೂ ಇದು ಜಾಸ್ತಿ. ಅದಕ್ಕೇ ನಾನು ತೆರಿಗೆಯ ವಿಷಯಕ್ಕೆ ‘ಮುರಿದುಕೊಂಡ ತೆರಿಗೆ’ ಎನ್ನುತ್ತೇನೆ. ‘ಸಂಬಳದಲ್ಲಿ ಮುರಿದುಕೊಂಡರು’ ಎಂದರೆ ಅರ್ಥವಾಗದವರನ್ನು ನಾನು ನೋಡಿಲ್ಲ.

‘ಠೇವಣಿ’ ಮಾತ್ರ ಬೇಡವೇ ಬೇಡ. ಠೇವಣಿ ಇಟ್ಟವರಿಗೆ ಅದು ವಾಪಸ್ ಬರುವ ಹಣ. ಇಲ್ಲಿ ಕಾಲೇಜು ನಿಮ್ಮಿಂದ ಮುರಿದುಕೊಂಡ ಹಣವನ್ನು ಬ್ಯಾಂಕಿನಲ್ಲಿ ಚಲನ್ ಮೂಲಕ ಸರ್ಕಾರಕ್ಕೆ ಕಟ್ಟುತ್ತದೆ. ‘ಸರ್ಕಾರಕ್ಕೆ ಕಟ್ಟಿದ ತೆರಿಗೆ’ ಎಂದರೆ ಸಾಕು. ಹಾಗೆ ಬರೆದರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ. ಮುರಿದುಕೊಂಡದ್ದು 48,000, ಕಟ್ಟಿದ್ದು ಎಂದು ಸರ್ಕಾರದ ಲೆಕ್ಕಕ್ಕೆ ಸಿಕ್ಕಿದ್ದು 44,000. ನಡುವಿನ 4,000 ನಿಮ್ಮ ಬಾಕಿಯಲ್ಲ. ಅದಕ್ಕೆ ಕಾಲೇಜು ಲೆಕ್ಕ ಕೊಡಬೇಕು.

ಈಗ 26ಎಎಸ್ ತೆರೆಯಿರಿ. ಅಸೆಸ್‌ಮೆಂಟ್ ವರ್ಷ 2025-26 ಆರಿಸಿ, 2024-25 ಅಲ್ಲ. ಕಾಲೇಜಿನ ಹೆಸರಿನ ಮೇಲೆ ಒತ್ತಿದರೆ ಒಳಗೆ ತಿಂಗಳ ಸಾಲುಗಳು ಬಿಚ್ಚಿಕೊಳ್ಳುತ್ತವೆ. ಅಲ್ಲಿ `Status of Booking` ಎಂಬ ಕಂಬದಲ್ಲಿ ಒಂದೊಂದು ಅಕ್ಷರ ಇರುತ್ತದೆ. `F` ಇದ್ದರೆ ಚಲನ್ ತಾಳೆಯಾಗಿದೆ. `U` ಇದ್ದರೆ ಕಾಲೇಜು ನಿಮ್ಮ ಹೆಸರಿನಲ್ಲಿ ವರದಿ ಕೊಟ್ಟಿದೆ, ಆದರೆ ಆ ವರದಿಯ ಚಲನ್ ಬ್ಯಾಂಕಿನ ಲೆಕ್ಕದಲ್ಲಿ ಸಿಕ್ಕಿಲ್ಲ. ಹಣ ಕಟ್ಟದೇ ಇರಬಹುದು, ಅಥವಾ ಕಟ್ಟಿ ಚಲನ್ ನಂಬರೋ ತಾರೀಖೋ ತಪ್ಪು ಬರೆದಿರಬಹುದು. ಆ ತಿಂಗಳ ಸಾಲೇ ಇಲ್ಲದಿದ್ದರೆ ಕಾರಣ ಬೇರೆ. ನಿಮ್ಮ ಪ್ಯಾನ್ ತಪ್ಪಾಗಿ ಆ 4,000 ಬೇರೆಯವರ ಪಟ್ಟಿಗೆ ಹೋಗಿರಬಹುದು, ಇಲ್ಲವೇ ನಿಮ್ಮ ಹೆಸರೇ ಬಿಟ್ಟುಹೋಗಿರಬಹುದು.

ಪಕ್ಕದ ಮೇಜಿನವರನ್ನೂ ಒಮ್ಮೆ ಕೇಳಿ. ಅವರಿಗೂ ಅದೇ ತಿಂಗಳು `U` ಇದ್ದರೆ ಚಲನ್‌ನದೇ ತೊಂದರೆ. ನಿಮಗೊಬ್ಬರಿಗೇ ಸಾಲು ಕಾಣದಿದ್ದರೆ ನಿಮ್ಮ ಪ್ಯಾನ್ ಸಾಲನ್ನು ಅನುಮಾನಿಸಿ.

ಬೆಂಗಳೂರಿನವರು 205ನೇ ಸೆಕ್ಷನ್ ಬಗ್ಗೆ ಹೇಳಿದ್ದು ಸರಿ. ಆದರೆ ಸುಮ್ನೆ 48,000 ಹಾಕಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ರಿಟರ್ನ್ ಪರಿಶೀಲಿಸುವ ಕಂಪ್ಯೂಟರ್ 26ಎಎಸ್‌ನಲ್ಲಿ ಇರುವಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಉಳಿದ 4,000ಕ್ಕೆ ಬೇಡಿಕೆ ಪತ್ರ ಬರುತ್ತದೆ. ಕಾನೂನು ನಿಮ್ಮ ಪರ ಇದ್ದರೂ ಸಂಬಳದ ಚೀಟಿ, ಪಾಸ್‌ಬುಕ್ ಇಟ್ಟುಕೊಂಡು ಉತ್ತರ ಬರೆಯುವ ಕೆಲಸ ನಿಮ್ಮದಾಗುತ್ತದೆ. ಸಂಬಳದಿಂದ ಮುರಿದ ತೆರಿಗೆಯ ಬಗ್ಗೆ ಕಾಲೇಜು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕೊಡುವ ವರದಿಗೆ 24ಕ್ಯೂ ಎನ್ನುತ್ತಾರೆ. ಮೊದಲು ಕಾಲೇಜಿನಿಂದ ಅದಕ್ಕೆ ತಿದ್ದುಪಡಿ ಹಾಕಿಸಿ. ಅದು ಒಪ್ಪಿಗೆಯಾದ ಮೇಲೆ ಕೆಲವು ದಿನಕ್ಕೆ `U` ಹೋಗಿ `F` ಬರುತ್ತದೆ. ಆಮೇಲೆ ರಿಟರ್ನ್ ಹಾಕಿ.

ಇನ್ನೊಂದನ್ನು ನಿಮ್ಮ ಪುಟದಲ್ಲಿ ತಪ್ಪದೆ ಸೇರಿಸಿ. ಪಾರ್ಟ್ ಎ ಮತ್ತು 26ಎಎಸ್ ಎರಡೂ ಹುಟ್ಟುವುದು ಕಾಲೇಜು ಕೊಟ್ಟ ಅದೇ 24ಕ್ಯೂ ವರದಿಯಿಂದ. ವರದಿಯಲ್ಲಿ ಒಂದು ತಿಂಗಳು ಬಿಟ್ಟುಹೋದರೆ ಎರಡೂ ಕಡೆ 44,000 ಎಂದೇ ಬರುತ್ತದೆ, ಎರಡೂ ಚೆಂದಾಗಿ ತಾಳೆಯಾಗುತ್ತವೆ, ತಪ್ಪು ಮಾತ್ರ ಕಾಣುವುದಿಲ್ಲ. ಆದ್ದರಿಂದ ಮೂರನೆಯ ಕಾಗದ ಬೇಕು. ಹನ್ನೆರಡು ತಿಂಗಳ ಸಂಬಳದ ಚೀಟಿಗಳಲ್ಲಿ ಮುರಿದ ತೆರಿಗೆಯನ್ನು ಕೂಡಿ, ಆ ಮೊತ್ತದಿಂದ ಶುರುಮಾಡಿ.

ದಾವಣಗೆರೆಯಿಂದ, ಉಪನ್ಯಾಸಕಿ

ಸರ್, ನೋಡಿದೆ. ಫೆಬ್ರವರಿ ಸಾಲು ಇದೆ, ಅದರ ಮುಂದೆ `U` ಇದೆ. ಗ್ರಂಥಾಲಯದವರಿಗೂ ಕಚೇರಿಯವರಿಗೂ ಅದೇ ತಿಂಗಳು ಹಾಗೇ ಇದೆ. ಕಚೇರಿಯಲ್ಲಿ ಚಲನ್ ತೆಗೆಸಿದೆವು. ಹಣ ಮಾರ್ಚ್ 7ರೊಳಗೇ ಕಟ್ಟಿದ್ದಾರೆ. ವರದಿಯಲ್ಲಿ ಚಲನ್ ನಂಬರಿನ ಎರಡು ಅಂಕಿ ಅದಲುಬದಲಾಗಿವೆ. ತಿದ್ದುಪಡಿ ಹಾಕುತ್ತೇವೆ ಎಂದಿದ್ದಾರೆ.

ಒಂದು ಅನುಮಾನ ಉಳಿದಿದೆ. `Amount Paid/Credited` ಎಂಬ ಕಂಬವೂ ಇದೆಯಲ್ಲ, ಅದು ನನ್ನ ಖಾತೆಗೆ ‘ಜಮಾ’ ಆದ ಸಂಬಳವೇ? ಪಾಸ್‌ಬುಕ್‌ನಲ್ಲಿ ಅದಕ್ಕಿಂತ ಕಡಿಮೆ ಇದೆ.

ಶಿವಮೊಗ್ಗದಿಂದ, ತೆರಿಗೆ ಸಲಹೆಗಾರರು

ಅಲ್ಲ. ಅದು ಪಿಎಫ್, 2024-25ರಲ್ಲಿ ತಿಂಗಳಿಗೆ 200 ರೂಪಾಯಿ ಇದ್ದ ವೃತ್ತಿ ತೆರಿಗೆ, ಆದಾಯ ತೆರಿಗೆ ಇವನ್ನೆಲ್ಲ ಮುರಿಯುವ ಮೊದಲಿನ ಸಂಬಳ. ಪಾಸ್‌ಬುಕ್ ಜೊತೆ ತಾಳೆ ನೋಡಬೇಡಿ. ‘ಜಮಾ’ ಎಂದು ಬರೆದರೆ ಎಲ್ಲರೂ ಪಾಸ್‌ಬುಕ್ ಕಡೆಗೇ ಓಡುತ್ತಾರೆ. ‘ಲೆಕ್ಕಕ್ಕೆ ಬಂದ ಸಂಬಳ’ ಎನ್ನಬಹುದೇನೋ. ನನಗೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಬೆಂಗಳೂರಿನಿಂದ, ಅನುವಾದಕರು

‘ಠೇವಣಿ’ ಬಿಟ್ಟೆ, ‘ಕಟ್ಟಿದ ತೆರಿಗೆ’ ಒಳ್ಳೆಯದು. ಆದರೆ ‘ಮುರಿದುಕೊಂಡ ತೆರಿಗೆ’ ಮಾತಿಗೆ ಸರಿ, ಅಚ್ಚಿನಲ್ಲಿ ಒರಟು. ‘ಮೂಲದಲ್ಲಿ ತೆರಿಗೆ ಕಡಿತ’ ಪತ್ರಿಕೆಗಳಲ್ಲಿ ಆಗಲೇ ನೆಲೆನಿಂತಿದೆ. ‘ಕಡಿತ’ವನ್ನು ತೆರಿಗೆಗೇ ಇಟ್ಟುಕೊಂಡು, ಆ 75,000ದಂಥದ್ದಕ್ಕೆ ‘ಕಳೆತ’ ಎಂದರೆ ಹೇಗೆ?

ಬಳ್ಳಾರಿಯಿಂದ, ಬ್ಯಾಂಕ್ ಉದ್ಯೋಗಿ

‘ಕಳೆತ’ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ‘ಪಗಾರದಾಗ ಮುರಕೊಂಡಾರ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ನನ್ನ ಮತ ‘ಮುರಿ’ಗೇ. ಮೇಡಂ, ನಿಮ್ಮ ಪುಟ ಸಿದ್ಧವಾದ ಮೇಲೆ ಇಲ್ಲಿ ಹಾಕಿ. ನಮ್ಮ ಶಾಖೆಯಲ್ಲೂ ಹಂಚುತ್ತೇನೆ.