ಪದಚರ್ಚೆ: ಡ್ರಮ್ಸ್ ಪಾಠದಲ್ಲಿ ವೆಲಾಸಿಟಿ, ಘೋಸ್ಟ್ ನೋಟ್, ಹ್ಯೂಮನೈಸ್

ಪ್ರಶ್ನೆ

ಮಾನ್ಯರೇ,

ಕಂಪ್ಯೂಟರಿನಲ್ಲಿ ಮಿಡಿ ಮೂಲಕ ಡ್ರಮ್ಸ್ ಕೂರಿಸುವುದನ್ನು ಕಲಿಸುವ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಪದಗಳ ಬಳಿ ನಿಂತುಬಿಟ್ಟಿದ್ದೇನೆ. ವೆಲಾಸಿಟಿಗೆ ನಿಘಂಟುಗಳಲ್ಲಿ ‘ವೇಗ’ ಎಂದಿದೆ. ಆದರೆ ‘ಸ್ನೇರಿನ ವೇಗವನ್ನು 112ಕ್ಕೆ ಇಡಿ’ ಎಂದು ಬರೆದಾಗ, ಮೊದಲ ಕರಡನ್ನು ಓದಿದ ಗೆಳೆಯರು ಹಾಡಿನ ಓಟವನ್ನೇ 112 ಮಾಡಿಟ್ಟರು. ಜೋರಾದ ಪೆಟ್ಟುಗಳ ನಡುವೆ ಮೆಲ್ಲಗೆ ಬೀಳುವ ಘೋಸ್ಟ್ ನೋಟಿಗೆ ‘ದೆವ್ವದ ಸ್ವರ’ ಎಂದರೆ ಅರ್ಥವೇ ಕೆಡುತ್ತದೆ. ಅದೂ ಅಲ್ಲದೆ ಸ್ನೇರಿನ ಪೆಟ್ಟನ್ನು ಸ್ವರವೆಂದು ಕರೆಯಲು ನನಗೆ ಮನಸ್ಸಿಲ್ಲ. ಯಂತ್ರದಂತೆ ಕೇಳದಿರಲೆಂದು ಪೆಟ್ಟುಗಳನ್ನು ತುಸು ಹಿಂದೆಮುಂದೆ ಸರಿಸುವ ಹ್ಯೂಮನೈಸ್‌ಗೆ ‘ಮಾನವೀಕರಣ’ ಎಂದು ಬರೆದು ಅಳಿಸಿದ್ದೇನೆ. ಬಳಕೆಯಲ್ಲಿರುವ ಮಾತುಗಳಿದ್ದರೆ ದಯವಿಟ್ಟು ತಿಳಿಸಿ.

ಮೊದಲ ಉತ್ತರ

ವೇಗಕ್ಕೆ ನಮ್ಮಲ್ಲಿ ಈಗಾಗಲೇ ‘ಕಾಲ’ ಎಂಬ ಮಾತಿದೆ. ಮೃದಂಗ ಕಲಿಸುವಾಗ ಒಂದೇ ಪಾಠವನ್ನು ಮೊದಲನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ನುಡಿಸಿಸುತ್ತೇವೆ. ತಾವು ಹೊಸ ಪದವನ್ನು ಹುಡುಕುವ ಅಗತ್ಯ ಕಾಣುವುದಿಲ್ಲ. ಸ್ವರದ ಬಗ್ಗೆ ತಾವು ಹೇಳಿದ್ದು ಮಾತ್ರ ಸರಿ. ನಮ್ಮ ವಿದ್ಯಾರ್ಥಿಗಳೂ ‘ಪೆಟ್ಟು’ ಎಂದೇ ಹೇಳುತ್ತಾರೆ.

ಎರಡನೆಯ ಉತ್ತರ

ಪ್ರಶ್ನೆ ಹಾಡಿನ ಕಾಲದ ಕುರಿತದ್ದಲ್ಲವೆಂದು ನನ್ನ ತಿಳಿವಳಿಕೆ. ಮಿಡಿಯಲ್ಲಿ ವೆಲಾಸಿಟಿ ಎಂದರೆ ಆ ಪೆಟ್ಟು ಎಷ್ಟು ಜೋರಾಗಿ ಕೇಳಬೇಕು ಎಂಬುದು. 1ರಿಂದ 127ರವರೆಗೆ ಇರುತ್ತದೆ. ಆದ್ದರಿಂದ ‘ಸದ್ದಿನ ಮಟ್ಟ’ ಎಂದು ಬರೆದರೆ ಸಾಕು.

ಮೂರನೆಯ ಉತ್ತರ

‘ಸದ್ದಿನ ಮಟ್ಟ’ ಅರ್ಧ ದಾರಿಯವರೆಗೆ ಮಾತ್ರ ನಡೆಸುತ್ತದೆ. ಸದ್ದನ್ನು ಏರಿಸಿ ಇಳಿಸಲು ಮಿಕ್ಸರಿನಲ್ಲಿ ಫೇಡರ್ ಬೇರೆಯೇ ಇದೆ. ಕೋಲು ಹಗುರವಾಗಿ ಬಿದ್ದಾಗ ಸ್ನೇರು ಸಣ್ಣದಾಗಿ ಕೇಳುವುದಷ್ಟೇ ಅಲ್ಲ, ಅದರ ದನಿಯೇ ಬದಲಾಗುತ್ತದೆ; ಮೇಲಿನ ಚಟ್ ಎಂಬ ಮೊನಚು ಮಾಯವಾಗಿ, ಕೆಳಗಿನ ತಂತಿಗಳ ಸರಸರ ಮಾತ್ರ ಉಳಿಯುತ್ತದೆ. ಒಳ್ಳೆಯ ಡ್ರಮ್ಸ್ ಸಂಗ್ರಹಗಳಲ್ಲಿ ಮೆಲ್ಲಗೆ, ನಡುವಾಗಿ, ಜೋರಾಗಿ ಹೊಡೆದು ಬೇರೆಬೇರೆಯಾಗಿ ಮುದ್ರಿಸಿದ ಪದರಗಳಿರುತ್ತವೆ, ಮತ್ತು ವೆಲಾಸಿಟಿಯ ಅಂಕಿ ಯಾವ ಪದರ ನುಡಿಯಬೇಕೆಂಬುದನ್ನು ಆರಿಸುತ್ತದೆ. ಒಂದೇ ಪದರವಿರುವ ಸಂಗ್ರಹದಲ್ಲಿ 30 ಎಂದು ಇಟ್ಟರೆ, ಜೋರಾದ ಪೆಟ್ಟೇ ದೂರದಿಂದ ಕೇಳಿದಂತಾಗುತ್ತದೆ. ಅಂಕಿಗಳನ್ನು ಎಷ್ಟು ತಿದ್ದಿದರೂ ಅಲ್ಲಿ ಡ್ರಮ್ಸ್ ನಿಜವೆನಿಸುವುದಿಲ್ಲ.

‘ವೇಗ’ ಎಂಬ ಮಾತು ಬಂದದ್ದು ಕೀಬೋರ್ಡಿನಿಂದ. ಕೀಲಿ ಕೆಳಗಿಳಿಯುವಾಗ ಒಂದು ಸಂಪರ್ಕದಿಂದ ಇನ್ನೊಂದಕ್ಕೆ ತಲುಪಲು ಹಿಡಿಯುವ ಹೊತ್ತನ್ನು ಯಂತ್ರ ಅಳೆಯುತ್ತದೆ, ಆದ್ದರಿಂದ ಅಲ್ಲಿ ಅದು ನಿಜಕ್ಕೂ ವೇಗವೇ. ಡ್ರಮ್ ಪ್ಯಾಡಿನೊಳಗಿನ ಸಂವೇದಕ ಅಳೆಯುವುದು ಪೆಟ್ಟಿನ ಅದುರನ್ನು. ಎರಡನ್ನೂ ಹಿಡಿಯುವ ಕನ್ನಡದ ಮಾತು ‘ಬಿರುಸು’. ಬಿರುಸಾದ ಮಳೆ ಎಂದಾಗ ವೇಗವೂ ಬಲವೂ ಒಟ್ಟಿಗೇ ಬರುತ್ತವೆ. ‘ಪೆಟ್ಟಿನ ಬಿರುಸು’ ಎಂದು ಬರೆಯಬಹುದು; ಪರದೆಯ ಮೇಲೆ Velocity ಎಂದೇ ಇರುವುದರಿಂದ ಮೊದಲ ಸಲ ‘ವೆಲಾಸಿಟಿ’ ಎಂಬುದನ್ನೂ ಜೊತೆಗಿಡಿ.

ಘೋಸ್ಟ್ ನೋಟಿಗೆ ನಾನು ‘ಒಳಪೆಟ್ಟು’ ಎಂದು ಯೋಚಿಸಿ ಬಿಟ್ಟೆ, ಏಕೆಂದರೆ ಬಿದ್ದವನಿಗೆ ಆಗುವ ಒಳಗಾಯಕ್ಕೆ ಆ ಮಾತು ಆಗಲೇ ಸಲ್ಲುತ್ತಿದೆ. ಪಿಸುಮಾತಿನ ಹಾಗೆ ‘ಪಿಸುಪೆಟ್ಟು’ ಎನ್ನೋಣವೇ? ಪಿಸುಮಾತು ಅರ್ಧಂಬರ್ಧ ಕೇಳಿಸಿದರೂ ಮಾತೇ; ಇದೂ ಹಾಗೆಯೇ. ಒಂದು ಆವರ್ತನೆಯ ಸ್ನೇರನ್ನು ಹದಿನಾರು ಮನೆಗಳಲ್ಲಿ ಹೀಗೆ ಬರೆಯುತ್ತೇನೆ; ಅಂಕಿ ಎಂದರೆ ಪೆಟ್ಟಿನ ಬಿರುಸು, ಚುಕ್ಕಿ ಎಂದರೆ ಖಾಲಿ ಮನೆ.

```
 1-4     .    .    .    .
 5-8   112    .    .   30
 9-12    .   36    .   24
13-16  108    .    .    .
```

ಬಲಗೈ ಹೈಹ್ಯಾಟನ್ನು 1, 3, 5 ಹೀಗೆ ಬೆಸ ಮನೆಗಳಲ್ಲಿ ಹೊಡೆಯುತ್ತಿರುತ್ತದೆ. ಪಿಸುಪೆಟ್ಟುಗಳು ಬಿದ್ದಿರುವುದು ಸಮ ಮನೆಗಳಲ್ಲಿ, ಎಡಗೈಗೆ ಬಿಡುವಿರುವ ಕಡೆ. 12ನೆಯ ಮನೆಯ 24 ಎಲ್ಲಕ್ಕಿಂತ ಕಡಿಮೆ ಇರುವುದಕ್ಕೂ ಕಾರಣ ಕೈಯಲ್ಲೇ ಇದೆ: ಮುಂದಿನ ಮನೆಯ ಜೋರಾದ ಪೆಟ್ಟಿಗಾಗಿ ಕೋಲು ಮೇಲೇಳಬೇಕಾಗಿರುತ್ತದೆ, ಇಲ್ಲಿ ಅದು ಚರ್ಮವನ್ನು ಸವರಿ ಹೋಗುತ್ತದೆ. ಹಾಡಿನೊಡನೆ ಕೇಳುವಾಗ ಪಿಸುಪೆಟ್ಟುಗಳು ಬೇರೆಯಾಗಿ ಎದ್ದು ಕಂಡರೆ ಬಿರುಸು ಹೆಚ್ಚಾಗಿದೆ ಎಂದರ್ಥ. ತೆಗೆದಾಗ ನಡೆ ಒಣಗಿದಂತೆ ಅನಿಸಿದರೆ ಅವು ಸರಿಯಾಗಿ ಕೂತಿದ್ದವು.

ನಾಲ್ಕನೆಯ ಉತ್ತರ

ನಾನು ಭಾಷೆಯವನಲ್ಲ, ನಮ್ಮೂರಿನ ನಾಟಕಕ್ಕೆ ಹಾಡುಗಳನ್ನು ಸಿದ್ಧಪಡಿಸಿದವನು. ಎಲ್ಲ ಪೆಟ್ಟುಗಳನ್ನೂ 100ರಲ್ಲಿಟ್ಟಾಗ ಬೆರಳಚ್ಚು ಯಂತ್ರದಂತೆ ಕೇಳಿತು. ಆಮೇಲೆ ಹ್ಯೂಮನೈಸ್ ಎಂಬ ಗುಂಡಿಯಲ್ಲಿ 20 ಟಿಕ್ ಎಂದು ಕೊಟ್ಟೆ. ಆಗ ಕಿಕ್ಕು ಮತ್ತು ಹೈಹ್ಯಾಟು ಒಟ್ಟಿಗೆ ಬೀಳಬೇಕಾದ ಕಡೆ ಪಟಕ್ ಎಂದು ಎರಡಾಗಿ ಬಿದ್ದವು, ಮತ್ತು ಹಾಡುವ ಹುಡುಗಿ ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ಎರಡು ಸಲ ನಿಲ್ಲಿಸಿದಳು. ಆದ್ದರಿಂದ ಅದಕ್ಕೆ ‘ತಾಳ ತಪ್ಪಿಸು’ ಎಂಬುದೇ ನಿಜವಾದ ಅರ್ಥವೆಂದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ ಬರೆದವರಿಂದ

ತಮ್ಮ ಅನುಭವವೇ ಆ ಪದದ ತೊಡಕನ್ನು ತೋರಿಸುತ್ತಿದೆ. ಒಂದು ಬೀಟಿಗೆ 480 ಟಿಕ್ ಇರುವ ಯೋಜನೆಯಲ್ಲಿ, ನಿಮಿಷಕ್ಕೆ 90 ಬೀಟಿನ ಹಾಡಾದರೆ, ಒಂದು ಟಿಕ್ ಸುಮಾರು 1.4 ಮಿಲಿಸೆಕೆಂಡು. 20 ಟಿಕ್ ಎಂದರೆ ಹಿಂದಕ್ಕೂ ಮುಂದಕ್ಕೂ 28 ಮಿಲಿಸೆಕೆಂಡು. ಕಿಕ್ಕು ಹಿಂದಕ್ಕೂ ಹೈಹ್ಯಾಟು ಮುಂದಕ್ಕೂ ಸರಿದರೆ ನಡುವೆ 50 ಮಿಲಿಸೆಕೆಂಡಿಗೂ ಮಿಕ್ಕಿದ ಬಿರುಕು ಬೀಳುತ್ತದೆ, ಕಿವಿ ಅದನ್ನು ಎರಡು ಪೆಟ್ಟೆಂದೇ ಕೇಳುತ್ತದೆ. ಅಡ್ಡಾದಿಡ್ಡಿ ಸರಿಸುವುದನ್ನು 2 ಅಥವಾ 3 ಟಿಕ್ಕಿಗೆ ಮಿತಿಗೊಳಿಸಿ.

ಆದರೆ ನುರಿತ ಕೈ ಅಡ್ಡಾದಿಡ್ಡಿಯಾಗಿ ಸರಿಯುವುದಿಲ್ಲ ಎಂಬುದು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಅದಕ್ಕೊಂದು ರೂಢಿ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ನಾನು ಕಿಕ್ಕನ್ನು ಗೆರೆಯ ಮೇಲೆಯೇ ಬಿಡುತ್ತೇನೆ. 5 ಮತ್ತು 13ನೆಯ ಮನೆಯ ಸ್ನೇರನ್ನು ಎರಡೂ ಕಡೆ 4ರಿಂದ 6 ಟಿಕ್ ತಡಮಾಡುತ್ತೇನೆ, ಹಾಡು ಸ್ವಲ್ಪ ಹಿಂದಕ್ಕೆ ಒರಗಿ ಕೂತಂತಾಗುತ್ತದೆ. ಹೈಹ್ಯಾಟಿನಲ್ಲಿ 84, 62, 80, 60 ಎಂದು ಏರಿಳಿತ ಕೊಡುತ್ತೇನೆ. ಹೀಗೆ ತಿದ್ದಿದ ಒಂದೇ ಆವರ್ತನೆಯನ್ನು ಹದಿನಾರು ಸಲ ನಕಲು ಮಾಡಿದರೆ ಮಾತ್ರ ಕೆಲಸ ಕೆಡುತ್ತದೆ. ನಾಲ್ಕನೆಯ ಸುತ್ತಿನ ಹೊತ್ತಿಗೆ ಅದೇ ಪಿಸುಪೆಟ್ಟು ಮರಳಿ ಬಂದದ್ದನ್ನು ಕೇಳುಗ ಗುರುತಿಸುತ್ತಾನೆ. ಈ ರೂಢಿಗೆ ‘ಕೈನಡೆ’ ಎಂಬ ಹೆಸರು ಒಪ್ಪುತ್ತದೆಂದು ನನಗೆ ತೋರುತ್ತದೆ. ಗುಂಡಿ ಮಾಡುವ ಕೆಲಸ ಬೇರೆ. ಅದು ಬರಿಯ ‘ಚೆದುರಿಕೆ’.

ಮೊದಲ ಉತ್ತರ ಬರೆದವರಿಂದ

ನಾನು ಪ್ರಶ್ನೆಯನ್ನು ತಪ್ಪಾಗಿ ಓದಿದ್ದೆ, ಕ್ಷಮೆಯಿರಲಿ. ಪಿಸುಪೆಟ್ಟು ಚೆನ್ನಾಗಿದೆ. ‘ಕೈನಡೆ’ಯ ಬಗ್ಗೆ ನನ್ನದೊಂದು ತಕರಾರಿದೆ: ತಾಳದ ಮಾತಿನಲ್ಲಿ ‘ನಡೆ’ ಎಂದರೆ ತಿಶ್ರ ನಡೆ, ಖಂಡ ನಡೆ ಎಂದು ಎಣಿಕೆಯ ಅರ್ಥ ಬರುತ್ತದೆ. ಸಂಗೀತ ಬಲ್ಲ ಓದುಗರು ಅಲ್ಲಿ ಎಡವಬಹುದು. ‘ಕೈಹದ’ ಎಂದರೆ ಹೇಗೆ?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ‘ಪೆಟ್ಟಿನ ಬಿರುಸು’ ಮತ್ತು ‘ಪಿಸುಪೆಟ್ಟು’ ಎಂಬವನ್ನು ಪಾಠದಲ್ಲಿ ಬಳಸುತ್ತೇನೆ, ಗುಂಡಿಯ ಕೆಲಸಕ್ಕೆ ‘ಚೆದುರಿಕೆ’ ಎಂದೇ ಬರೆಯುತ್ತೇನೆ. ‘ಕೈನಡೆ’, ‘ಕೈಹದ’ಗಳಲ್ಲಿ ಇನ್ನೂ ಒಂದನ್ನು ಆರಿಸಿಲ್ಲ. ಹೆಸರಾಗಿ ಎರಡೂ ನಿಲ್ಲುತ್ತವೆ, ಕ್ರಿಯಾಪದ ಮಾಡಹೊರಟಾಗ ಎರಡೂ ಬಾಗುವುದಿಲ್ಲ. ‘ಸ್ನೇರಿಗೆ ಕೈಹದ ಕೊಡಿ’ ಎಂಬುದು ಓದಿಗೆ ಸಹಜವೇ ಎಂದು ಡ್ರಮ್ಸ್ ನುಡಿಸುವವರು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.