ಚಾಟ್ ಲಿಸ್ಟ್ ತುಂಬಿ ಹೋಗಿದೆ: ಪಿನ್ ಮಾಡೋದಾ, ಫಿಲ್ಟರ್ ಬಳಸೋದಾ? ಅನುಭವ ಹೇಳಿ

ಮೈಸೂರು ಅಡುಗೆಮನೆ: ಮನೆಯಲ್ಲೇ ಹೋಳಿಗೆ, ಚಕ್ಕುಲಿ ಮಾಡಿ ಕೊಡುತ್ತೇನೆ. ಆರ್ಡರ್ ಎಲ್ಲ ವಾಟ್ಸ್ಆಪ್‌ನಲ್ಲೇ ಬರುತ್ತದೆ. ಮಗನ ಸ್ಕೂಲು, ಅಪಾರ್ಟ್‌ಮೆಂಟು, ನೆಂಟರು, ಭಜನೆ ಮಂಡಳಿ, ಹೀಗೆ ಗ್ರೂಪುಗಳೂ ಬಹಳ. ಸಂಜೆ ಆಗುವಷ್ಟರಲ್ಲಿ ಆರ್ಡರ್ ಕೆಳಗೆ ಹೋಗಿಬಿಡುತ್ತದೆ. ಪಿನ್ ಮೂರೇ ಆಗುತ್ತದೆ. ಅನ್‌ರೀಡ್, ಗ್ರೂಪ್ಸ್, ಫೇವರಿಟ್ಸ್ ಇವನ್ನೆಲ್ಲ ನೀವು ಹೇಗೆ ಬಳಸುತ್ತೀರಿ?

ದಾವಣಗೆರೆ ಟೈಲರ್: ಅಕ್ಕ, ಅನ್‌ರೀಡ್ ಒಂದನ್ನೇ ನಂಬಿ ಕೂರಬೇಡಿ. ನನಗೆ ಆಗಿದ್ದನ್ನು ಹೇಳುತ್ತೇನೆ.

ಅಂಗಡಿಯ ಕಂಪ್ಯೂಟರ್‌ನಲ್ಲೂ ನನ್ನ ವಾಟ್ಸ್ಆಪ್ ತೆರೆದಿರುತ್ತದೆ. ಡಿಸೈನ್ ಫೋಟೋ ದೊಡ್ಡದಾಗಿ ನೋಡೋಕೆ. ಮದುವೆ ಸೀಸನ್. ಒಬ್ಬ ಗಿರಾಕಿ ರಾತ್ರಿ ಮೆಸೇಜ್ ಹಾಕಿದ್ದರು, ಬೋಟ್ ನೆಕ್ ಬೇಡ, ಪಾಟ್ ನೆಕ್ ಮಾಡಿ ಅಂತ. ಬೆಳಿಗ್ಗೆ ನನಗಿಂತ ಮುಂಚೆ ಬಂದ ಹುಡುಗಿ ಬೇರೆ ಯಾವುದೋ ಫೋಟೋ ಹುಡುಕುತ್ತಾ ಆ ಚಾಟ್ ತೆರೆದಿದ್ದಾಳೆ. ಅಲ್ಲಿ ತೆರೆದರೆ ಮುಗಿಯಿತು, ನನ್ನ ಫೋನಿನಲ್ಲೂ ಓದಿದ ಹಾಗೆ ಆಗುತ್ತದೆ. ನಾನು ಬಂದು ಅನ್‌ರೀಡ್ ಒತ್ತಿ ಒಂದೊಂದೇ ನೋಡಿಕೊಂಡು ಬಂದೆ. ಆ ಚಾಟ್ ಪಟ್ಟಿಯಲ್ಲೇ ಇರಲಿಲ್ಲ. ಅಳತೆ ಪ್ರಕಾರ ಕತ್ತರಿಸಿದೆ.

ಸೀರೆಯಲ್ಲೇ ಬಂದ ಬ್ಲೌಸ್ ಪೀಸ್ ಅದು, ಮತ್ತೆ ಎಲ್ಲಿ ಸಿಗಬೇಕು? ಬಣ್ಣ ಹೊಂದೋ ರಾ ಸಿಲ್ಕ್ ಮೀಟರಿಗೆ 850 ರೂಪಾಯಿ. ಆರಿ ವರ್ಕ್ ಹೊರಗೆ ಕೊಡುತ್ತೇನೆ, ಅದಕ್ಕೆ ಮತ್ತೆ 2,800. ಅರ್ಜೆಂಟ್ ಅಂತ ಅವರು 400 ಜಾಸ್ತಿ ತಗೊಂಡರು. ಬಟ್ಟೆ ಹುಡುಕೋಕೆ ಆಟೋ 240. ಕೊನೆಗೆ ಗಿರಾಕಿ ಹೊಲಿಗೆ ಕೂಲಿಯಲ್ಲಿ 500 ಹಿಡಿದರು. ಒಟ್ಟು 4,790 ರೂಪಾಯಿ. ಆ ಮನೆಯವರು ಇನ್ನೂ ನನ್ನ ಅಂಗಡಿಗೆ ಬಂದಿಲ್ಲ.

ಬೆಳಗಾವಿ ಮೇಷ್ಟ್ರು: ಇದಕ್ಕೇ ನಾನು ಟೆಲಿಗ್ರಾಂಗೆ ಹೋಗಿದ್ದು. ಅಲ್ಲಿ ದುಡ್ಡು ಕೊಡದೆಯೇ ಐದು ಪಿನ್. ಅದರ ಜೊತೆಗೆ ಫೋಲ್ಡರ್, 2020ರಿಂದಲೇ ಇದೆ. ಪ್ರತಿ ಫೋಲ್ಡರ್ ಒಳಗೆ ಮತ್ತೆ ಬೇರೆ ಪಿನ್ ಮಾಡಬಹುದು. ನಮ್ಮ ಕಾಲೇಜಿನ ಎಲ್ಲ ಸೆಮಿಸ್ಟರ್, ಲ್ಯಾಬ್, ಪ್ರಾಜೆಕ್ಟ್ ಗ್ರೂಪುಗಳನ್ನು ಹಾಗೇ ಜೋಡಿಸಿದ್ದೇನೆ. ವಾಟ್ಸ್ಆಪ್‌ನಲ್ಲಿ ಈ ಮೂರು ಪಿನ್ನಿಗೆ ಒದ್ದಾಡೋದು ಯಾಕೆ?

ದಾವಣಗೆರೆ ಟೈಲರ್: ಮೇಷ್ಟ್ರೇ, ನಿಮ್ಮ ಹುಡುಗರು ನೀವು ಕರೆದಲ್ಲಿಗೆ ಬರುತ್ತಾರೆ. ನನ್ನ ಗಿರಾಕಿಗಳು ವಾಟ್ಸ್ಆಪ್‌ನಲ್ಲಿ ಇದ್ದಾರೆ, ನಾನೂ ಅಲ್ಲೇ ಇರಬೇಕು.

ಶಿರಸಿ ತೋಟ: ಪಿನ್ ಬಗ್ಗೆ ಒಂದು ಎಚ್ಚರಿಕೆ. ಪಿನ್ ಮಾಡಿದ್ದು ಕಾಯಂ ಅಲ್ಲ. 24 ಗಂಟೆ, 7 ದಿನ, ಇಲ್ಲ 30 ದಿನ, ಅಷ್ಟೇ. ಆಮೇಲೆ ತಾನಾಗೇ ಹೋಗುತ್ತದೆ. ನಮ್ಮ ಅಡಿಕೆ ಗ್ರೂಪಿನಲ್ಲಿ ಔಷಧಿ ಹೊಡೆಯೋ ದಿನದ ಪಟ್ಟಿ ಪಿನ್ ಮಾಡಿದ್ದೆವು, ಮಳೆ ಬಿಡೋದರೊಳಗೆ ಮಾಯ. ಎರಡನೇ ಸಲ ಬೋರ್ಡೋ ಹೊಡೆಯಬೇಕಾದವರು ದಿನ ಮರೆತು ಕೂತರು, ಕೊಳೆ ಬಂತು. ಆಳಿನ ಕೂಲಿ, ಮೈಲುತುತ್ತ, ಸುಣ್ಣ ಎಲ್ಲದಕ್ಕೂ ಖರ್ಚು ಮಾಡಿ ಕೊನೆಗೆ ಉದುರಿದ ಕಾಯಿ ಆರಿಸಿದ್ದು.

ಹೊಸಪೇಟೆ ಲಾರಿ ಬುಕಿಂಗ್: ಶಿರಸಿಯವರೇ, ನೀವು ಹೇಳುತ್ತಿರೋದು ಚಾಟ್ ಒಳಗಿನ ಮೆಸೇಜ್ ಪಿನ್. ಇವರು ಕೇಳಿದ್ದು ಚಾಟನ್ನೇ ಲಿಸ್ಟ್ ತಲೆಗೆ ಕೂರಿಸೋ ಪಿನ್. ಅದಕ್ಕೆ ಗಡುವಿಲ್ಲ, ನೀವೇ ತೆಗೆಯೋವರೆಗೂ ಇರುತ್ತದೆ. ಅದು ನಿಮ್ಮ ಖಾತೆಗೆ ಮಾತ್ರ, ಬೇರೆಯವರಿಗೆ ಕಾಣೋದಿಲ್ಲ. ಮೆಸೇಜ್ ಪಿನ್ ಆದರೆ ಚಾಟಿನಲ್ಲಿರೋ ಎಲ್ಲರಿಗೂ ಕಾಣುತ್ತದೆ.

ಶಿರಸಿ ತೋಟ: ಎರಡಕ್ಕೂ ಒಂದೇ ಹೆಸರು, ಒಂದೇ ಗುರುತು ಇಟ್ಟರೆ ಹಳ್ಳಿ ಜನಕ್ಕೆ ಹೇಗೆ ಗೊತ್ತಾಗಬೇಕು? ನಮ್ಮ ನಷ್ಟ ನಷ್ಟವೇ ಅಲ್ವಾ.

ಹೊಸಪೇಟೆ ಲಾರಿ ಬುಕಿಂಗ್: ನಷ್ಟ ಸುಳ್ಳು ಅಂದೆನಾ? ಅವರು ನಾಳೆ ಪಿನ್ ಹೋಗುತ್ತದೆ ಅಂತ ಹೆದರಬಾರದು, ಅದಕ್ಕೆ ಹೇಳಿದೆ.

ಈಗ ನನ್ನ ಕೆಲಸ ಹೇಳುತ್ತೇನೆ. ಡ್ರೈವರುಗಳು, ಸಿಮೆಂಟ್ ಡೀಲರುಗಳು, ಗೋಡೌನ್, ಮಾಲೀಕರು, ಎಲ್ಲ ಒಂದೇ ಫೋನಿಗೆ. ಟೈಲರ್ ಅಕ್ಕ ಹೇಳಿದ್ದು ನಿಜ. ಅನ್‌ರೀಡ್ ಅನ್ನೋದು ಚಾಟ್ ತೆರೆದಿದ್ದೀರೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ. ಕೆಲಸ ಆಗಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಡ್ರೈವರ್ ವೇಬ್ರಿಜ್ ಚೀಟಿ ಕಳಿಸುತ್ತಾನೆ. ನಾನು ತೆರೆದು ನೋಡುತ್ತೇನೆ. ಅಲ್ಲಿಗೆ ಅದು ಅನ್‌ರೀಡ್‌ನಿಂದ ಹೋಯಿತು. ಆದರೆ ತೂಕ ಬಿಲ್ಲಿಗೆ ಏರಿಸಬೇಕು, ಡೀಸೆಲ್ ಅಡ್ವಾನ್ಸ್ ಕಳೆಯಬೇಕು, ಆ ಕೆಲಸ ಬಾಕಿ ಇದೆ.

ಅದಕ್ಕೆ ನನ್ನದೇ ಒಂದು ಲಿಸ್ಟ್ ಮಾಡಿಕೊಂಡಿದ್ದೇನೆ. ಮೇಲಿನ ಸಾಲಿನಲ್ಲಿ ಫೇವರಿಟ್ಸ್, ಗ್ರೂಪ್ಸ್ ಎಲ್ಲ ಆದ ಮೇಲೆ ಪ್ಲಸ್ ಗುರುತು ಇದೆ. ಒತ್ತಿದರೆ ಹೆಸರು ಕೇಳುತ್ತದೆ. ‘ಬಾಕಿ’ ಅಂತ ಇಟ್ಟೆ. ಇದು 2024ರ ಕೊನೆಗೆ ಬಂತು. ಅನ್‌ರೀಡ್, ಗ್ರೂಪ್ಸ್ ಅದೇ ವರ್ಷ ಏಪ್ರಿಲ್‌ನಲ್ಲಿ ಬಂದಿದ್ದವು. ಚೀಟಿ ಬಂದ ಕೂಡಲೇ ಆ ಚಾಟನ್ನು ಒತ್ತಿ ಹಿಡಿದು ಬಾಕಿಗೆ ಸೇರಿಸುತ್ತೇನೆ. ಬಿಲ್ ಆದ ಮೇಲೆ ತೆಗೆಯುತ್ತೇನೆ. ಸಂಜೆ ಬಾಗಿಲು ಹಾಕೋ ಮುಂಚೆ ಬಾಕಿ ಒತ್ತುತ್ತೇನೆ, ಯಾರು ಉಳಿದಿದ್ದಾರೆ ಅಂತ ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಯಾರು ಏನು ತೆರೆದರೂ ಈ ಲಿಸ್ಟಿನಿಂದ ಚಾಟ್ ಜಾರೋದಿಲ್ಲ. ಲಿಸ್ಟ್ ಅಳಿಸಿದರೂ ಚಾಟ್ ಅಳಿಯೋದಿಲ್ಲ.

ಪಿನ್‌ನಲ್ಲಿ ಮಾಲೀಕರು ಒಂದು, ಗೋಡೌನ್ ಗ್ರೂಪ್ ಒಂದು. ಮೂರನೇದು ಆ ದಿನ ರಸ್ತೆಯಲ್ಲಿರೋ ಲಾರಿಗೆ. ಅದು ಬದಲಾಗುತ್ತಲೇ ಇರುತ್ತದೆ.

ಮೈಸೂರು ಅಡುಗೆಮನೆ: ದಿನಕ್ಕೆ ಅಷ್ಟು ಸಲ ಸೇರಿಸಿ ತೆಗೆದು ಮಾಡೋಕೆ ಕೈಯಲ್ಲಿ ಹಿಟ್ಟು ಇರುತ್ತದಲ್ಲ ಅಣ್ಣ?

ದಾವಣಗೆರೆ ಟೈಲರ್: ಅದಕ್ಕೇ ನಾನು ಚಾಟ್ ಒತ್ತಿ ಹಿಡಿದು `Mark as unread` ಕೊಡುತ್ತೇನೆ. ಹಸಿರು ಚುಕ್ಕೆ ಬರುತ್ತದೆ, ಅನ್‌ರೀಡ್ ಪಟ್ಟಿಗೂ ವಾಪಸ್ ಬರುತ್ತದೆ. ಕಳಿಸಿದವರ ಫೋನಿನಲ್ಲಿ ನೀಲಿ ಟಿಕ್ ಅಳಿಯೋದಿಲ್ಲ, ನಾವು ನೋಡಿದ್ದು ಅವರಿಗೆ ಗೊತ್ತೇ ಇರುತ್ತದೆ. ಆದರೆ ನಮಗೆ ನೆನಪು ಉಳಿಯುತ್ತದೆ.

ಹೊಸಪೇಟೆ ಲಾರಿ ಬುಕಿಂಗ್: ಆ ಚುಕ್ಕೆಯೂ ಯಾರಾದರೂ ತೆರೆದ ಕೂಡಲೇ ಹೋಗುತ್ತದೆ. ನಿಮ್ಮ ಹುಡುಗಿ ಮತ್ತೆ ತೆರೆದರೆ ಮತ್ತೆ 4,790.

ದಾವಣಗೆರೆ ಟೈಲರ್: ನನ್ನ ನಷ್ಟವನ್ನು ಎತ್ತಿ ಆಡಬೇಡಿ ಸರ್. ಹುಡುಗಿಗೆ ಹೇಳಿದ್ದೇನೆ, ಈಗ ಅವಳು ನನ್ನನ್ನು ಕೇಳದೆ ಗಿರಾಕಿ ಚಾಟ್ ತೆರೆಯೋದಿಲ್ಲ.

ಮಸ್ಕತ್ ಕನ್ನಡಿಗ: ನಮ್ಮ ಕಷ್ಟ ಬೇರೆ. ನಾವು ಏಳುವಷ್ಟರಲ್ಲಿ ಊರಲ್ಲಿ ಒಂದೂವರೆ ಗಂಟೆ ಮುಂದೆ ಹೋಗಿರುತ್ತದೆ. ಗುಡ್ ಮಾರ್ನಿಂಗ್ ಹೂವು ಎಲ್ಲ ಬಂದು ಬಿದ್ದಿರುತ್ತದೆ. ಅಪ್ಪ, ಅಮ್ಮ, ತಂಗಿ, ಊರಿನ ಡಾಕ್ಟರ್ ಇವರನ್ನು ಫೇವರಿಟ್ಸ್‌ಗೆ ಹಾಕಿದೆ. ಮೂರೇ ಅನ್ನೋ ಕಟ್ಟು ಅಲ್ಲಿಲ್ಲ. ಕಾಲ್ಸ್ ಪುಟದಲ್ಲೂ ಅವರೇ ಮೇಲೆ ಬರುತ್ತಾರೆ, ಅದು ನನಗೆ ದೊಡ್ಡ ಉಪಕಾರ. ಅಪ್ಪನಿಗೆ ಎದೆನೋವು ಬಂದ ದಿನ ತಂಗಿ ಮೆಸೇಜ್ ಮೂವತ್ತು ಚಾಟಿನ ಕೆಳಗಿತ್ತು. ಆ ತಿಂಗಳು ಟಿಕೆಟ್ಟಿಗೆ ಎರಡು ಪಟ್ಟು ಕೊಟ್ಟು ಬಂದೆ. ನೆಂಟರ ಗ್ರೂಪುಗಳನ್ನೆಲ್ಲ ಆರ್ಕೈವ್‌ಗೆ ತಳ್ಳಿ. ನೆಮ್ಮದಿ.

ತುಮಕೂರು ಡೇರಿ: ಆರ್ಕೈವ್ ಮಾಡಿ ಅಂತ ಸುಲಭವಾಗಿ ಹೇಳಬೇಡಿ. ಮನೆತನದ ಗ್ರೂಪ್ ಆರ್ಕೈವ್ ಮಾಡಿದ್ದೆ. ಚಿಕ್ಕಪ್ಪ ತೀರಿಕೊಂಡ ಸುದ್ದಿ ಅದರಲ್ಲೇ ಹಾಕಿದರು. ಎಲ್ಲರೂ ನೋಡುತ್ತಾರೆ ಅಂತ ಯಾರೂ ಫೋನ್ ಮಾಡಲಿಲ್ಲ. ಅನ್‌ರೀಡ್ ಒತ್ತಿದೆ, ಅದರಲ್ಲೂ ಬರಲಿಲ್ಲ. ಮಣ್ಣಿಗೆ ಹೋಗೋಕೆ ಆಗಲಿಲ್ಲ. ಇವತ್ತಿಗೂ ಚಿಕ್ಕಮ್ಮ ಮುಖ ಕೊಟ್ಟು ಮಾತಾಡೋದಿಲ್ಲ.

ಹೊಸಪೇಟೆ ಲಾರಿ ಬುಕಿಂಗ್: ಹೌದು ಸರ್, ಆರ್ಕೈವ್ ಆದದ್ದು ಅನ್‌ರೀಡ್‌ಗೆ ಬರೋದಿಲ್ಲ. ಮೊದಲು ಹೊಸ ಮೆಸೇಜ್ ಬಂದರೆ ಚಾಟ್ ತಾನಾಗೇ ಹೊರಗೆ ಬರುತ್ತಿತ್ತು. 2021ರಿಂದ ಒಳಗೇ ಉಳಿಯುತ್ತದೆ. ಹಳೆ ರೀತಿ ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಒಳಗೆ `Keep chats archived` ಅಂತ ಇದೆ, ಅದನ್ನು ಆಫ್ ಮಾಡಿ. ನಿಮ್ಮ ಹೆಸರು ಹಿಡಿದು ಯಾರಾದರೂ ಕರೆದಿದ್ದರೆ, ಇಲ್ಲ ನಿಮ್ಮ ಮೆಸೇಜಿಗೆ ರಿಪ್ಲೈ ಕೊಟ್ಟಿದ್ದರೆ ಮಾತ್ರ ಆರ್ಕೈವ್ ಸಾಲಿನ ಪಕ್ಕ @ ಗುರುತು ಬರುತ್ತದೆ. ಸಾವಿನ ಸುದ್ದಿಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಯಾರು ಹಾಕುತ್ತಾರೆ?

ಮಸ್ಕತ್ ಕನ್ನಡಿಗ: ಸಾವಿನ ಸುದ್ದಿಯನ್ನು ಗ್ರೂಪಿಗೆ ಹಾಕಿ ಕೈ ತೊಳೆದುಕೊಂಡವರದು ತಪ್ಪು. ಆರ್ಕೈವ್‌ದು ಏನು ತಪ್ಪು?

ತುಮಕೂರು ಡೇರಿ: ನೀವು ದೂರದಲ್ಲಿದ್ದೀರಿ ಸ್ವಾಮಿ, ನಿಮ್ಮನ್ನು ಯಾರೂ ಕೇಳೋದಿಲ್ಲ. ಇಲ್ಲೇ ಹತ್ತು ಮೈಲಿ ಒಳಗೆ ಇದ್ದುಕೊಂಡು ಬರಲಿಲ್ಲ ಅಂದರೆ ಊರೇ ಮಾತಾಡುತ್ತದೆ.

ಮಸ್ಕತ್ ಕನ್ನಡಿಗ: ದೂರದಲ್ಲಿದ್ದರೆ ನೋವು ಕಮ್ಮಿ ಅಂದುಕೊಂಡಿರಾ? ಅಪ್ಪನ ವಿಷಯ ಈಗ ತಾನೇ ಬರೆದೆ, ಅದನ್ನಾದರೂ ಓದಿ.

ರಾಣೆಬೆನ್ನೂರು ಬೀಜದಂಗಡಿ: ಇಬ್ಬರೂ ಸ್ವಲ್ಪ ಬಿಡಿ. ಮೈಸೂರು ಅಕ್ಕ, ವ್ಯಾಪಾರ ಇದ್ದರೆ ಬಿಸಿನೆಸ್ ಆ್ಯಪ್‌ಗೆ ಹೋಗಿ. ಅದರಲ್ಲಿ ಲೇಬಲ್ ಇದೆ. ಹೊಸ ಆರ್ಡರ್, ಹಣ ಬಾಕಿ, ಹಣ ಬಂತು, ಹೀಗೆ ಬಣ್ಣ ಹಚ್ಚಬಹುದು. ನಾನು ಅಂಗಡಿಗೆ ಬೇರೆ ಸಿಮ್ ತಗೊಂಡು ಅದನ್ನು ಹಾಕಿದೆ. ನೆಂಟರ ಗ್ರೂಪ್ ಒಂದೂ ಆ ಕಡೆ ಸುಳಿಯೋದಿಲ್ಲ. ತಿಂಗಳ ರೀಚಾರ್ಜ್ ಒಂದು ಜಾಸ್ತಿ. ಜೊತೆಗೆ ಹಳೆ ನಂಬರಿಗೇ ಕಳಿಸೋ ರೈತರು ಇನ್ನೂ ಇದ್ದಾರೆ. ಮುಂಗಾರಿನಲ್ಲಿ ಮೆಕ್ಕೆಜೋಳದ ಬೀಜ ಹತ್ತು ಪಾಕೀಟು ಎತ್ತಿಡಿ ಅಂತ ಹಳೆ ನಂಬರಿಗೆ ಬಂದಿತ್ತು. ಅದು ಮನೆಯಲ್ಲಿ ಹೆಂಡತಿ ಹತ್ತಿರ ಇತ್ತು. ಆ ರೈತ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದು ಬರಿಗೈಯಲ್ಲಿ ಹೋದ.

ಬೆಳಗಾವಿ ಮೇಷ್ಟ್ರು: ಎರಡು ಸಿಮ್, ಎರಡು ಆ್ಯಪ್. ಟೆಲಿಗ್ರಾಂನಲ್ಲಾದರೆ ಒಂದು ಫೋಲ್ಡರ್ ಸಾಕಿತ್ತು.

ರಾಣೆಬೆನ್ನೂರು ಬೀಜದಂಗಡಿ: ಸರ್, ನಮ್ಮ ರೈತರ ಫೋನಿನಲ್ಲಿ ಟೆಲಿಗ್ರಾಂ ನೀವು ಬಂದು ಹಾಕಿಕೊಡುತ್ತೀರಾ?

ಮೈಸೂರು ಅಡುಗೆಮನೆ: ಗ್ರೂಪ್ಸ್ ಅಂತ ಇದೆಯಲ್ಲ, ಅದಕ್ಕೆ ಉಲ್ಟಾ, ಗ್ರೂಪ್ ಬಿಟ್ಟು ಬಾಕಿ ಜನ ಮಾತ್ರ ಕಾಣೋ ಹಾಗೆ ಇಲ್ಲವಾ? ನನಗೆ ಬೇಕಿರೋದು ಅದೇ.

ಹೊಸಪೇಟೆ ಲಾರಿ ಬುಕಿಂಗ್: ಆ ಸಾಲಿನಲ್ಲಿ ಅಂಥದ್ದು ನನಗೆ ಸಿಕ್ಕಿಲ್ಲ. ಗಿರಾಕಿಗಳನ್ನು ಒಂದು ಲಿಸ್ಟಿಗೆ ಹಾಕಬಹುದು. ಆದರೆ ಹೊಸ ನಂಬರಿನಿಂದ ಬರೋ ಆರ್ಡರ್ ಅದರಲ್ಲಿ ತಾನಾಗೇ ಸೇರೋದಿಲ್ಲ. ನಿಮಗೆ ಹೋಳಿಗೆ ಆರ್ಡರ್ ಜಾಸ್ತಿ ಬರೋದು ಹೊಸ ನಂಬರಿನಿಂದಲೇ ಅಲ್ವಾ? ಅದಕ್ಕೆ ದಿನಕ್ಕೆರಡು ಸಲ ಅನ್‌ರೀಡ್ ಒತ್ತಿ ನೋಡಲೇಬೇಕು. ಸ್ಕೂಲು, ಅಪಾರ್ಟ್‌ಮೆಂಟ್ ಬಿಟ್ಟು ಉಳಿದ ಗ್ರೂಪ್ ಆರ್ಕೈವ್‌ನಲ್ಲಿದ್ದರೆ ಆ ಅನ್‌ರೀಡ್ ಚಿಕ್ಕದಾಗಿರುತ್ತದೆ. ಸುಮ್ನೆ ಮ್ಯೂಟ್ ಮಾಡಿದರೆ ಸದ್ದು ನಿಲ್ಲುತ್ತದೆ, ಪಟ್ಟಿಯಲ್ಲಿ ಮಾತ್ರ ಬರುತ್ತಲೇ ಇರುತ್ತದೆ.

ತುಮಕೂರು ಡೇರಿ: ಮತ್ತೆ ಆರ್ಕೈವ್! ಮೇಲೆ ನಾನು ಬರೆದಿದ್ದು ಯಾರಿಗೆ?

ಹೊಸಪೇಟೆ ಲಾರಿ ಬುಕಿಂಗ್: ನೆಂಟರ ಗ್ರೂಪ್ ಬೇಕಾದರೆ ಹೊರಗೇ ಇಡಲಿ ಸರ್. ಭಜನೆ ಮಂಡಳಿ ಒಳಗೆ ಹೋಗಲಿ.

ದಾವಣಗೆರೆ ಟೈಲರ್: ಭಜನೆ ಮಂಡಳಿಯವರೇ ಹಬ್ಬಕ್ಕೆ ಹೋಳಿಗೆ ಹೇಳೋರು. ಅದನ್ನು ಮೊದಲು ಪಿನ್ ಮಾಡಿ ಅಕ್ಕ.